ಶಿಶುಗಳ ಚಿತ್ರಲೇಖನಕ್ರಮವೂ ಉಪಾಧ್ಯಾಯರ ಧರ್ಮವೂ
(ಶ್ರೀಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಗೋಷ್ಠಿಗೆ ಗೊತ್ತಾಗಿರುವ ವಿಷಯವು ಚಿಕ್ಕ ಮಕ್ಕಳು ಬರೆಯುವ ಚಿತ್ರಗಳನ್ನು ಕುರಿತುದು. ಇಂಥ ದೊಡ್ಡ ಸಭೆಯಲ್ಲಿ ಇಷ್ಟು ಸಣ್ಣ ವಿಷಯವೇ ಎಂದು ಕೆಲವರಿಗೆ ತೋರಬಹುದು. ಆದರೆ ಶಾಲೆಗೆ ಬಂದ ಮಗುವು ಅಕ್ಷರಕ್ಕೆ ಮೊದಲು ಬರೆಯುವುದು ಚಿತ್ರವನ್ನೇ. ಉಪಾಧ್ಯಾಯರು ಮೊದಲು ತಿದ್ದುವುದೂ ಅದನ್ನೇ. ಆ ಮೊದಲನೆಯ ತಿದ್ದುವಿಕೆಯು ಎಲ್ಲಿ ಸರಿ, ಎಲ್ಲಿ ತಪ್ಪು ಎಂಬುದಿಷ್ಟೇ ಇಂದಿನ ವಿಚಾರ.

ಒಂದು ಮಗುವನ್ನು ಕಲ್ಪಿಸಿಕೊಂಡು ಹೊರಟರೆ ವಿಷಯವು ಸುಲಭವಾಗುವುದು. ನಮ್ಮ ಕಡೆಯ ಒಂದು ಹಳ್ಳಿಯ ಭಕ್ತರ ಮನೆಯ ಹುಡುಗಿ, ಆರು ವರ್ಷದವಳು, ಒಂದನೆಯ ತರಗತಿಯಲ್ಲಿ ಓದುವವಳು ಎಂದಿಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ಬೆಳಗ್ಗೆ ಏನು ನಡೆಯುವುದೋ ಅದನ್ನು ಬರೆಯಿರಿ ಎಂದು ಉಪಾಧ್ಯಾಯರು ಹೇಳಿದ್ದಾರೆ. ಅವಳು ತನ್ನ ಅಜ್ಜಿಯು ಪೂಜೆಗೆ ಕುಳಿತಿರುವುದನ್ನು ಬರೆದಿದ್ದಾಳೆ. ಅಜ್ಜಿಯ ಕೊರಳಿನಿಂದ ಶಿವದಾರವೂ ದಾರದ ಕೊನೆಯಲ್ಲಿ ಕರಡಿಗೆಯೂ ಇಳಿದಿವೆ. ಕರಡಿಗೆಯು ಮುಚ್ಚಿದೆ, ಆದರೂ ಅದರೊಳಗಿನ ಇಷ್ಟಲಿಂಗವು ಕಪ್ಪಗೆ ಕಾಣುತ್ತಿದೆ. ಅಜ್ಜಿಯು ಕುಳಿತ ಚಾಪೆಯು ಮೇಲಿನಿಂದ ನೋಡಿದಂತೆ ಪೂರ್ಣ ಚೌಕವಾಗಿದೆ. ಅದರ ಮೇಲಿನ ತಂಬಿಗೆಯು ಪಕ್ಕದಿಂದ ನೋಡಿದಂತೆ ನೆಟ್ಟಗೆ ನಿಂತಿದೆ. ಮನೆಗೆ ಗೋಡೆಯುಂಟು, ಆದರೆ ಗೋಡೆಯ ಆಚೆಗಿರುವ ಒಲೆಯೂ ಬೆಂಕಿಯೂ ಕಾಣುತ್ತವೆ. ಅಂಗಳದಲ್ಲಿ ಒಂದು ಬಂಡಿಯುಂಟು. ಅದರ ಎರಡು ಗಾಲಿಗಳೂ ಬಂಡಿಯ ಎರಡು ಮಗ್ಗುಲಿಗೆ ರೆಕ್ಕೆಗಳಂತೆ ಹರಡಿ ಬಿದ್ದಿವೆ. ಅಜ್ಜಿಯು ಬಂಡಿಗಿಂತಲೂ ದೊಡ್ಡವಳು.

ಚಿತ್ರವನ್ನು ಕಂಡ ಉಪಾಧ್ಯಾಯರು ಒಳ್ಳೆಯ ಮನಸ್ಸಿನಿಂದಲೇ, “ಮುಚ್ಚಿದ ಕರಡಿಗೆಯೊಳಗಿನ ಲಿಂಗವು ಕಾಣುವುದೇನಮ್ಮಾ? ಬಂಡಿಯ ಗಾಲಿ ಹೀಗಿರುವುದೇ?” ಎಂದು ಕೇಳಿ, ಕೆಂಪು ಶಾಯಿಯಿಂದ ಮಗ್ಗುಲಲ್ಲಿಯೇ ಸರಿಯಾದ ಬಂಡಿಯೊಂದನ್ನು ಬರೆದು ತೋರಿಸುತ್ತಾರೆ. ಹುಡುಗಿಯು ಲಿಂಗವನ್ನು ಅಳಿಸುತ್ತಾಳೆ, ಬಂಡಿಯನ್ನು ನಕಲು ಮಾಡುತ್ತಾಳೆ. ಮುಂದಿನ ವಾರ ಏನಾದರೂ ಬರೆ ಎಂದರೆ ಉಪಾಧ್ಯಾಯರ ಬಂಡಿಯನ್ನೇ ಬರೆಯುತ್ತಾಳೆ. ಅದರ ಮುಂದಿನ ವಾರವೂ ಅದೇ ಬಂಡಿ. ಅಜ್ಜಿಯು ಮತ್ತೆ ಬರುವುದಿಲ್ಲ. ಇದು ಅಪರೂಪವಾಗಿ ನಡೆಯುವ ಸಂಗತಿಯಲ್ಲ. ಎರಡು ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಕೆಳಗೆ ಹರಿಯುವ ಹೊಳೆ, ದಡದಲ್ಲಿ ಒಂದು ಗುಡಿಸಲು, ಪಕ್ಕದಲ್ಲಿ ಬಾಗಿದ ತೆಂಗಿನ ಮರ, ಈ ಒಂದೇ ಚಿತ್ರವನ್ನು ಬೆಟ್ಟವನ್ನೇ ಕಾಣದ ಬಯಲುಸೀಮೆಯ ಮಕ್ಕಳೂ ತಲೆತಲಾಂತರದಿಂದ ಬರೆದುಕೊಂಡು ಬಂದಿರುವರು. ಅದನ್ನು ಯಾವ ಮಗುವೂ ತಾನಾಗಿ ಕಂಡುಹಿಡಿದುದಲ್ಲ. ಕರಿಹಲಗೆಯ ಮೇಲಿನಿಂದ ಪಾಟಿಗೆ ಇಳಿದುದು.

ಹಾಗಾದರೆ ಆ ಹುಡುಗಿಯ ಚಿತ್ರದಲ್ಲಿ ತಪ್ಪೆಂಬುದೇ ಇಲ್ಲವೇ? ಈ ಪ್ರಶ್ನೆಗೆ ಉತ್ತರವು ಅವಳು ಆ ಚಿತ್ರಕ್ಕೆ ಬಂದು ಸೇರಿದ ದಾರಿಯನ್ನು ಅರಿತಲ್ಲದೆ ದೊರೆಯದು.

ಮಗುವು ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಬಳಪವನ್ನು ಹಿಡಿದು ಗೀಚತೊಡಗುವುದು. ಆಗ ಅದು ಏನನ್ನೂ ಬರೆಯುತ್ತಿರುವುದಿಲ್ಲ. ತೋಳಾಡಿಸಿದರೆ ಗುರುತು ಬೀಳುವುದೆಂಬ ಸಂಗತಿಯೇ ಅದಕ್ಕೆ ಸಾಕಷ್ಟು ದೊಡ್ಡ ಆಶ್ಚರ್ಯ. ಮೊದಲು ತೋಳು ಪೂರ್ತಿಯಾಗಿ ಆಡುವುದು, ಆಮೇಲೆ ಮೊಣಕೈ, ಕಟ್ಟಕಡೆಗೆ ಮಣಿಕಟ್ಟು ಮತ್ತು ಬೆರಳು. ಈ ಕಾರಣದಿಂದಲೇ ಅದಕ್ಕೆ ಬೇಕಾದುದು ದಪ್ಪ ಬಳಪ ಮತ್ತು ವಿಸ್ತಾರವಾದ ಜಾಗ. ಅಂಗಳದ ಹಾಸುಗಲ್ಲು ಅತ್ಯುತ್ತಮ, ಚಿಕ್ಕ ಪಾಟಿ ಅಧಮ. ಈ ಕಾಲದಲ್ಲಿ ಹಿರಿಯರು ಮಾಡುವ ತಪ್ಪು ಒಂದೇ: “ಇದೇನು ಬರೆದೆ?” ಎಂದು ಕೇಳುವುದು. ಮಗುವು ಏನನ್ನೂ ಬರೆದಿಲ್ಲವಾದುದರಿಂದ ಉತ್ತರವಿಲ್ಲ. ಆದರೂ ಕೇಳಿದವರ ಮುಖ ನೋಡಿ ಬೆಕ್ಕು ಎನ್ನುವುದು, ಮರುಕ್ಷಣ ಅದನ್ನೇ ಮಾವ ಎನ್ನುವುದು. ಕೇಳದೆ ಬಿಟ್ಟರೆ ಮೂರು ವರ್ಷದ ಸುಮಾರಿಗೆ ಒಂದು ದಿನ, ತಾನು ಎಳೆದ ಗೆರೆಯು ಯಾವುದನ್ನೋ ಹೋಲುತ್ತದೆಂಬುದನ್ನು ಮಗುವು ತಾನೇ ಕಾಣುವುದು. ಬರೆದ ಮೇಲೆ ಹೋಲಿಕೆ ಕಂಡುದು, ಕ್ರಮೇಣ ಹೋಲಿಕೆಯನ್ನು ಮೊದಲೇ ನೆನೆದು ಬರೆಯುವುದಾಗಿ ಪರಿಣಮಿಸುವುದು.

ಅಲ್ಲಿಂದ ಮುಂದೆ ಮೂರು ನಾಲ್ಕು ವರ್ಷದೊಳಗೆ ಮನುಷ್ಯನು ಹುಟ್ಟುವನು. ಒಂದು ದುಂಡು, ಅದರೊಳಗೆ ಎರಡು ಕಣ್ಣು, ದುಂಡಿನಿಂದ ನೇರವಾಗಿ ಕೆಳಗಿಳಿದ ಎರಡು ಕಾಲು. ಮುಂಡವಿಲ್ಲ, ಕೈಯುಂಟಾದರೆ ತಲೆಯಿಂದಲೇ ಹೊರಟಿರುವುದು. ಪಾಶ್ಚಾತ್ಯ ಪಂಡಿತರು ಇದನ್ನು ಕಪ್ಪೆಯ ಗೊದಮೊಟ್ಟೆಗೆ ಹೋಲಿಸಿ ಹೆಸರಿಟ್ಟಿರುವರು. ಮಗುವಿಗೆ ಹೊಟ್ಟೆಯೆಂಬುದು ಗೊತ್ತಿಲ್ಲವೆಂದು ಇದರಿಂದ ತೀರ್ಮಾನಿಸಲಾಗದು. ನಿನ್ನ ಹೊಟ್ಟೆಯೆಲ್ಲಿ ಎಂದರೆ ತಟ್ಟಿ ತೋರಿಸುವುದು, ಹಸಿದಾಗ ಹೇಳಿಯೂ ಹೇಳುವುದು. ಕಾಗದದ ಮೇಲೆ ಅಷ್ಟನ್ನೂ ಒಟ್ಟಿಗೆ ನೆನೆದು, ಒಂದರ ಕೆಳಗೊಂದನ್ನು ಜೋಡಿಸುವ ಕೆಲಸವು ಅದಕ್ಕಿನ್ನೂ ದೊಡ್ಡದು. ತಲೆಯು ದೊಡ್ಡದಾಗುವುದಕ್ಕೂ ಅನೇಕ ವೇಳೆ ಇಂಥದೇ ಸಾದಾ ಕಾರಣವಿರುವುದು. ಮಗುವು ತಲೆಯನ್ನು ಮೊದಲು ಬರೆಯುವುದು, ಅದರೊಳಗೆ ಕಣ್ಣು ಮೂಗು ಬಾಯಿಗಳಿಗೆ ಎಡೆ ಬೇಕಾದುದರಿಂದ ದೊಡ್ಡದಾಗಿ ಬರೆಯುವುದು. ಕಾಲಿನ ಸರದಿ ಬರುವ ಹೊತ್ತಿಗೆ ಕಾಗದವು ಮುಗಿದಿರುವುದು. ಮುಂಡವನ್ನು ಮೊದಲು ಬರೆಯುವಂತಾದಾಗ ತಲೆಯ ಅಳತೆಯು ತಾನಾಗಿ ಸರಿಗೆ ಸಮೀಪವಾಗುವುದನ್ನು ಪರೀಕ್ಷಕರು ಕಂಡಿರುವರು. ಹಾಗಿರುವಲ್ಲಿ, ತಲೆ ದೊಡ್ಡದಾದರೆ ಅಹಂಕಾರವೆಂದೂ, ಕಪ್ಪು ಬಣ್ಣ ಬಳಿದರೆ ದುಃಖವೆಂದೂ, ಒಂದೊಂದು ಚಿತ್ರದಿಂದ ಮಗುವಿನ ಜಾತಕವನ್ನು ಬರೆಯಹೊರಡುವ ಈಚಿನ ಚಾಳಿಯನ್ನು ಉಪಾಧ್ಯಾಯರು ದೂರವಿಡುವುದು ಲೇಸು. ಕಪ್ಪು ಬಳಿದ ಮಗುವಿಗೆ ಕೈಗೆ ಸಿಕ್ಕಿದುದು ಆ ಒಂದೇ ಬಣ್ಣವಾಗಿರಬಹುದು.

ಇನ್ನು ನಮ್ಮ ಹುಡುಗಿಯಿರುವ ಅವಸ್ಥೆ. ಐದರಿಂದ ಎಂಟು ವರ್ಷದವರೆಗಿನ ಈ ಕಾಲವನ್ನು ಬಹು ಸೂಕ್ಷ್ಮವಾಗಿ ನೋಡಿದವರಲ್ಲಿ ಫ್ರಾನ್ಸ್ ದೇಶದ ಲ್ಯೂಕೆ ಎಂಬ ತತ್ತ್ವಶಾಸ್ತ್ರಜ್ಞನು ಮುಖ್ಯನಾದವನು. ಆತನು ತನ್ನ ಮಗಳು ಸಿಮೋನಳು ಬರೆದ ಸಾವಿರಕ್ಕೂ ಮೀರಿದ ಚಿತ್ರಗಳನ್ನು ಕೂಡಿಸಿಟ್ಟು, ಬರೆಯುವಾಗ ಅವಳು ಆಡಿದ ಮಾತುಗಳನ್ನೂ ಗುರುತು ಹಾಕಿಕೊಂಡು, 1913 ರಲ್ಲಿ ಒಂದು ಗ್ರಂಥವನ್ನೂ 1927 ರಲ್ಲಿ ಇನ್ನೊಂದನ್ನೂ ಪ್ರಕಟಿಸಿದನು. ಆತನ ಸಿದ್ಧಾಂತವೇನೆಂದರೆ, ಮಗುವು ಮೊದಲಿನಿಂದಲೂ ಯಥಾರ್ಥವಾದಿಯೇ ಹೌದು. ಆದರೆ ಅದರ ಯಥಾರ್ಥವು ಬೇರೆ. ಹಿರಿಯರು ಒಂದೆಡೆ ನಿಂತ ಕಣ್ಣಿಗೆ ಕಂಡುದನ್ನು ನಿಜವೆನ್ನುವರು, ಮಗುವು ತನಗೆ ತಿಳಿದುದನ್ನು ನಿಜವೆನ್ನುವುದು. ಮೊದಲನೆಯದನ್ನು ದೃಷ್ಟಿಯಥಾರ್ಥವೆಂದೂ ಎರಡನೆಯದನ್ನು ಬುದ್ಧಿಯಥಾರ್ಥವೆಂದೂ ಕನ್ನಡದಲ್ಲಿ ಹೇಳಬಹುದು. ಕರಡಿಗೆಯೊಳಗೆ ಲಿಂಗವುಂಟೆಂಬುದು ತಿಳಿದ ವಿಷಯ. ಆದುದರಿಂದ ಅದು ಚಿತ್ರದಲ್ಲಿರಲೇಬೇಕು. ಚಾಪೆಗೆ ನಾಲ್ಕು ಮೂಲೆ, ಆದುದರಿಂದ ಚೌಕ. ಬಂಡಿಗೆ ಎರಡು ಗಾಲಿ, ಅವೆರಡೂ ದುಂಡು, ಒಂದು ಈ ಮಗ್ಗುಲಿಗೆ ಇನ್ನೊಂದು ಆ ಮಗ್ಗುಲಿಗೆ. ಈ ಮೂರು ಮಾತುಗಳಲ್ಲಿ ಯಾವುದು ಸುಳ್ಳು? ದೃಷ್ಟಿಯಥಾರ್ಥದ ಬಂಡಿಯಲ್ಲಿ ಒಂದು ಗಾಲಿಯು ಮರೆಯಾಗುವುದು, ಇನ್ನೊಂದು ಮೊಟ್ಟೆಯಾಕಾರವಾಗುವುದು. ಮಗುವಿನ ದೃಷ್ಟಿಯಿಂದ ನೋಡಿದರೆ ಉಪಾಧ್ಯಾಯರ ಬಂಡಿಯೇ ಸುಳ್ಳು.

ಇದು ಮಕ್ಕಳ ಬುದ್ಧಿಮಾಂದ್ಯವೆನ್ನುವಂತಿಲ್ಲವೆಂಬುದಕ್ಕೆ ಒಂದು ಪ್ರಾಚೀನ ಸಾಕ್ಷಿಯುಂಟು. ಈಜಿಪ್ಟಿನ ನೆಬಾಮುನ್ ಎಂಬುವನ ಸಮಾಧಿಯಲ್ಲಿದ್ದ, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮಿನಲ್ಲಿರುವ, ಸುಮಾರು 3,300 ವರ್ಷಗಳ ಹಿಂದಿನ ಭಿತ್ತಿಚಿತ್ರವೊಂದರಲ್ಲಿ ತೋಟದ ಕೊಳವನ್ನು ಮೇಲಿನಿಂದ ನೋಡಿದಂತೆ ಚೌಕವಾಗಿಯೂ, ಅದರೊಳಗಿನ ಮೀನು ಬಾತುಗಳನ್ನು ಪಕ್ಕದಿಂದ ನೋಡಿದಂತೆಯೂ, ದಂಡೆಯ ಮರಗಳನ್ನೂ ಪಕ್ಕದಿಂದ ನೋಡಿದಂತೆಯೂ ಬರೆದಿದೆ. ಬರೆದವನು ನುರಿತ ಕುಶಲಿ. ಕೊಳದಲ್ಲಿ ಏನೇನುಂಟೆಂಬುದನ್ನು ಒಂದನ್ನೂ ಬಿಡದೆ ಹೇಳುವುದೇ ಅವನ ಉದ್ದೇಶ. ಅದಕ್ಕೆ ಆ ರೀತಿಯೇ ಯೋಗ್ಯ. ಆದರೂ ಅವನು ಗುರುಪರಂಪರೆಯಿಂದ ಬಂದ ನಿಯಮವನ್ನು ಪಾಲಿಸಿದನು, ಮಗುವು ಯಾವ ನಿಯಮವನ್ನೂ ಕಲಿತಿಲ್ಲ. ಎರಡನ್ನೂ ಒಂದೇ ಎನ್ನಲಾಗದು.

ಇಲ್ಲಿ ಒಂದು ಸಂದೇಹವು ಏಳುವುದು. ಮಗುವು ತಿಳಿದುದನ್ನೇ ಬರೆಯುವುದಾದರೆ, ಕಂಡುದನ್ನು ಬರೆಯಲು ಅದಕ್ಕೆ ಶಕ್ತಿಯೇ ಇಲ್ಲವೋ, ಅಥವಾ ಬೇಕಿಲ್ಲವೋ? ಉಪಾಧ್ಯಾಯರು ಏನು ಮಾಡಬೇಕೆಂಬುದೆಲ್ಲ ಈ ಒಂದು ಪ್ರಶ್ನೆಯನ್ನು ಅವಲಂಬಿಸಿರುವುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1972 ರಲ್ಲಿ ಫ್ರೀಮನ್ ಮತ್ತು ಜಾನಿಕೂನ್ ಎಂಬ ಇಂಗ್ಲೆಂಡಿನ ಇಬ್ಬರು ಸಂಶೋಧಕರು ಐದರಿಂದ ಒಂಬತ್ತು ವರ್ಷದ ಮಕ್ಕಳ ಮುಂದೆ ಒಂದು ಹಿಡಿಕೆಯುಳ್ಳ ಬಟ್ಟಲನ್ನಿಟ್ಟರು. ಅದರ ಮೇಲೆ ಒಂದು ಹೂವಿನ ಗುರುತಿತ್ತು. ಹೂವು ಮಕ್ಕಳ ಕಡೆಗೂ ಹಿಡಿಕೆಯು ಹಿಂದಕ್ಕೆ ಮರೆಯಾಗಿಯೂ ಇರುವಂತೆ ಬಟ್ಟಲನ್ನು ತಿರುಗಿಸಿಟ್ಟು, ಕಾಣುವಂತೆ ಬರೆಯಿರಿ ಎಂದರು. ಚಿಕ್ಕ ಮಕ್ಕಳು ಬಹುಮಟ್ಟಿಗೆ ಕಾಣದ ಹಿಡಿಕೆಯನ್ನು ಬರೆದು, ಎದುರಿಗೇ ಕಾಣುತ್ತಿದ್ದ ಹೂವನ್ನು ಬಿಟ್ಟರು. ಎಂಟು ವರ್ಷದ ಸುಮಾರಿನಿಂದ ಮೇಲಿನವರು ಹಿಡಿಕೆಯನ್ನು ಬಿಟ್ಟು ಹೂವನ್ನು ಬರೆದರು. ಇಷ್ಟರಿಂದ ಲ್ಯೂಕೆಯ ಮಾತು ಸ್ಥಿರಪಟ್ಟಂತಾಯಿತು. ಆದರೆ 1983 ರಲ್ಲಿ ಅಲಿಸನ್ ಡೇವಿಸ್ ಎಂಬ ವಿದುಷಿಯು ಒಂದು ಬಟ್ಟಲಿಗೆ ಬದಲಾಗಿ ಎರಡನ್ನು ಒಟ್ಟಿಗೆ ಇಟ್ಟು ನೋಡಿದಳು. ಒಂದರ ಹಿಡಿಕೆ ಕಾಣುವಂತೆ, ಇನ್ನೊಂದರದು ಮರೆಯಾಗುವಂತೆ. ಆಗ ಒಂಟಿ ಬಟ್ಟಲಿಗೆ ಕಾಣದ ಹಿಡಿಕೆಯನ್ನು ತಪ್ಪದೆ ಹಚ್ಚುತ್ತಿದ್ದ ಚಿಕ್ಕ ಮಕ್ಕಳಲ್ಲಿಯೇ ಅನೇಕರು ಎರಡನೆಯ ಬಟ್ಟಲಿನ ಹಿಡಿಕೆಯನ್ನು ತಾವಾಗಿ ಬಿಟ್ಟುಬಿಟ್ಟರು.

ಇದರ ತಾತ್ಪರ್ಯವನ್ನು ನೋಡಿ. ಬಟ್ಟಲೊಂದೇ ಇದ್ದಾಗ ಮಗುವು ಇದು ಬಟ್ಟಲು ಎಂಬುದನ್ನು ತಿಳಿಸಹೊರಟಿತ್ತು. ಹಿಡಿಕೆಯಿಲ್ಲದಿದ್ದರೆ ಅದು ಗಡಿಗೆಯೂ ಆಗಬಹುದು, ಆದುದರಿಂದ ಹಿಡಿಕೆಯು ಬೇಕು. ಎರಡು ಇದ್ದಾಗ ಹೇಳಬೇಕಾದ ವಿಷಯವೇ ಬೇರೆಯಾಯಿತು. ಇದು ಹೀಗಿದೆ, ಅದು ಹಾಗಿದೆ ಎಂಬ ಭೇದವನ್ನು ಹೇಳಬೇಕಾಯಿತು. ಆಗ ಕಣ್ಣು ಕಂಡುದು ಕೈಗೆ ಬಂದಿತು. ಅದೇ ಮಗು, ಅದೇ ವಯಸ್ಸು, ಅದೇ ಬಟ್ಟಲು. ಯಾರೂ ತಿದ್ದಲಿಲ್ಲ, ಬೈಯಲಿಲ್ಲ, ಮೇಲೆ ಬರೆದು ತೋರಿಸಲಿಲ್ಲ. ವಸ್ತುವನ್ನು ಇಡುವ ರೀತಿಯು ಬದಲಾಯಿತು, ಅಷ್ಟೇ.

ಆದುದರಿಂದ ನಮ್ಮ ಹುಡುಗಿಯ ಉಪಾಧ್ಯಾಯರು ಕೆಂಪು ಶಾಯಿಯನ್ನು ಕೆಳಗಿಟ್ಟು ಮಾಡಬಹುದಾಗಿದ್ದ ಕೆಲಸವು ಬೇರೊಂದುಂಟು. ಮೊದಲು, ಕಂಡುದನ್ನು ಕಂಡಂತೆ ಹೇಳುವುದು. “ಕರಡಿಗೆಯೊಳಗೆ ಲಿಂಗವನ್ನೂ ಬರೆದಿರುವೆ, ಒಲೆ ಉರಿಯುತ್ತಿದೆ, ಚಾಪೆಯ ಅಂಚಿಗೆ ಗೆರೆ ಹಾಕಿರುವೆ.” ಇದು ಹೊಗಳಿಕೆಯಲ್ಲ, ತೆಗಳಿಕೆಯೂ ಅಲ್ಲ, ಉಪಾಧ್ಯಾಯರು ನಿಜವಾಗಿ ನೋಡಿದರೆಂಬುದಕ್ಕೆ ಪ್ರಮಾಣ. ಎಲ್ಲ ಚಿತ್ರಕ್ಕೂ ಬಹಳ ಚೆನ್ನಾಗಿದೆ ಎಂದು ಸೂಸಿಬಿಡುವವರು ನೋಡಿಲ್ಲವೆಂಬುದು ಮಕ್ಕಳಿಗೆ ಎರಡು ದಿನದಲ್ಲಿ ತಿಳಿದುಹೋಗುವುದು. ಆಮೇಲೆ, ಚಿತ್ರದ ವಿಷಯದಲ್ಲಿಯೇ ಒಂದು ಪ್ರಶ್ನೆ: “ಅಜ್ಜಿಯು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಕರಡಿಗೆಯು ಹೇಗಿರುವುದು?” ಹುಡುಗಿಗೆ ಗೊತ್ತು, ನಿತ್ಯವೂ ನೋಡಿರುವಳು. ಪೂಜೆಗೆ ಮುಂಚಿನ ಅಜ್ಜಿ, ಪೂಜೆಯಲ್ಲಿರುವ ಅಜ್ಜಿ, ಪೂಜೆ ಮುಗಿದ ಅಜ್ಜಿ ಎಂದು ಒಂದೇ ಹಾಳೆಯಲ್ಲಿ ಮೂರು ಚಿತ್ರಗಳನ್ನು ಅವಳೇ ಬರೆಯುವಂತಾದರೆ, ಕರಡಿಗೆಯು ಮುಚ್ಚಿರುವುದಕ್ಕೂ ತೆರೆದಿರುವುದಕ್ಕೂ ಭೇದವನ್ನು ತೋರಿಸುವ ಅವಶ್ಯಕತೆಯು ಅವಳಿಗೇ ಹುಟ್ಟುವುದು. ಎರಡು ಬಟ್ಟಲುಗಳ ಉಪಾಯವು ಇದೇ. ಆಗ ಮುಚ್ಚಿದ ಕರಡಿಗೆಯಲ್ಲಿ ಲಿಂಗವು ಮರೆಯಾದರೂ ಆಗಬಹುದು, ಆಗದೆಯೂ ಇರಬಹುದು. ಆಗದಿದ್ದರೆ ಮಗುವಿಗೆ ಹೇಳಬೇಕಾದುದು ಇನ್ನೂ ಅದೇ ಎಂದು ಅರಿತು ಸುಮ್ಮನಿರಬೇಕು.

ಮಗುವಿನ ಹಾಳೆಯ ಮೇಲೆ ಉಪಾಧ್ಯಾಯರ ಕೈಯಿಂದ ಒಂದು ಗೆರೆಯೂ ಬೀಳಬಾರದು. ಹೆಸರು, ತಿಥಿ, ಮಗುವು ಹೇಳಿದ ಒಂದೆರಡು ಮಾತುಗಳು ಹಾಳೆಯ ಹಿಂಬದಿಗೆ ಹೋಗಬೇಕು. ಪಾಟಿಯ ಮೇಲೆ ಬರೆದುದು ಸಂಜೆಗೆ ಅಳಿಸಿಹೋಗುವುದಾದುದರಿಂದ, ತಿಂಗಳಿಗೊಂದಾದರೂ ಚಿತ್ರವನ್ನು ಕಾಗದದ ಮೇಲೆ ಬರೆಸಿ, ಒಂದೊಂದು ಮಗುವಿಗೂ ಒಂದೊಂದು ಕಟ್ಟು ಮಾಡಿ ಇಡಬೇಕು. ಕಾರ್ತಿಕದ ಚಿತ್ರವನ್ನು ಪುಷ್ಯದ ಚಿತ್ರದ ಪಕ್ಕದಲ್ಲಿಟ್ಟು ನೋಡಿದಾಗ, ಕಾಲಿಲ್ಲದವನಿಗೆ ಕಾಲು ಬಂದುದೂ ಗಾಳಿಯಲ್ಲಿ ತೇಲುತ್ತಿದ್ದ ಮನೆಯು ನೆಲದ ಗೆರೆಯ ಮೇಲೆ ಇಳಿದುದೂ ಕಾಣುವುವು. ಹೋಲಿಸಬೇಕಾದುದು ಮಗುವನ್ನು ಅದೇ ಮಗುವಿನೊಡನೆ. ಚಿತ್ರಸ್ಪರ್ಧೆಯನ್ನಿಟ್ಟು ಏಳು ವರ್ಷದವರಿಗೆ ಪ್ರಥಮ ದ್ವಿತೀಯ ಬಹುಮಾನಗಳನ್ನು ಹಂಚುವ ಪದ್ಧತಿಯು ಈ ಕಾರಣದಿಂದ ಕೂಡದು. ಬಹುಮಾನವು ಯಾವಾಗಲೂ ಹಿರಿಯರ ಚಿತ್ರಕ್ಕೆ ಹತ್ತಿರವಾದುದಕ್ಕೆ ಹೋಗುವುದು. ಮುಂದಿನ ವರ್ಷ ಎಲ್ಲ ಮಕ್ಕಳೂ ಅದನ್ನೇ ಬರೆಯುವರು. ಗೆರೆಗಳೊಳಗೆ ಬಣ್ಣ ತುಂಬುವ ಅಚ್ಚಿನ ಪುಸ್ತಕಗಳ ಮಾತೂ ಹೀಗೆಯೇ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲೋವೆನ್‌ಫೆಲ್ಡ್ ಎಂಬ ಚಿತ್ರಶಿಕ್ಷಕನು, ಮಕ್ಕಳ ಚಿತ್ರದ ಅವಸ್ಥೆಗಳನ್ನು ವಿವರಿಸಿ 1947 ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥದಲ್ಲಿ, ಅಂಥ ಪುಸ್ತಕಗಳನ್ನು ಬಲವಾಗಿ ವಿರೋಧಿಸಿದನು. ಸಿದ್ಧವಾದ ನಾಯಿಗೆ ಬಣ್ಣ ತುಂಬಿದ ಮಗುವು ತನ್ನ ನಾಯಿಯನ್ನು ತಾನು ಬರೆಯಲಾರೆನೆಂದು ತಿಳಿಯುವುದೆಂಬುದು ಆತನ ಆಕ್ಷೇಪ.

ಪಾಠಶಾಲೆಯಲ್ಲಿ ಓದಿದ ಹಿರಿಯರು ಇಲ್ಲಿ ಒಂದು ಪ್ರತಿವಾದವನ್ನು ಹೂಡುವುದುಂಟು. ಮಂತ್ರವನ್ನಾಗಲಿ ವಚನವನ್ನಾಗಲಿ ಹೇಳಿಕೊಡುವಾಗ ಒಂದು ಹ್ರಸ್ವವು ದೀರ್ಘವಾದರೂ ಗುರುಗಳು ಅಲ್ಲಿಯೇ ತಡೆದು ತಿದ್ದುವರು. ತಿದ್ದದೆ ಬಿಟ್ಟರೆ ತಪ್ಪೇ ನೆಲೆಗೊಳ್ಳುವುದು. ಚಿತ್ರಕ್ಕೆ ಬೇರೆ ನ್ಯಾಯವೇಕೆ? ಆಕ್ಷೇಪವು ತೂಕವುಳ್ಳದ್ದೇ ಸರಿ. ಆದರೆ ಪಾಠದಲ್ಲಿ ಪ್ರಮಾಣವು ಪಾಠದೊಳಗೇ ಇರುವುದು. ಗುರುವಿಗೂ ಶಿಷ್ಯನಿಗೂ ಅದೊಂದೇ ಪಾಠ. ಗುರುವು ತನ್ನ ಇಷ್ಟದಂತೆ ತಿದ್ದುವುದಿಲ್ಲ. ಅಜ್ಜಿಯ ಚಿತ್ರಕ್ಕೆ ಅಂಥ ಮೂಲಪಾಠವೆಲ್ಲಿದೆ? ಅಜ್ಜಿಯನ್ನು ಕಂಡವಳು ಹುಡುಗಿ, ಉಪಾಧ್ಯಾಯರಲ್ಲ. ಅಂಗಳದ ರಂಗವಲ್ಲಿಯ ಮಾತು ಬೇರೆ. ಅದಕ್ಕೆ ಚುಕ್ಕಿಯ ಲೆಕ್ಕವುಂಟು, ಎಳೆಯುವ ಕ್ರಮವುಂಟು. ತಾಯಿಯು ಮಗಳ ಕೈಹಿಡಿದು ಕಲಿಸುವಳು, ತಪ್ಪಿದ ಎಳೆಯನ್ನು ಅಳಿಸಿ ಮತ್ತೆ ಹಾಕಿಸುವಳು. ಅದರಿಂದ ಮಗುವಿಗೆ ಹಾನಿಯಿಲ್ಲ, ಲಾಭವೇ ಉಂಟು. ಬೆಳಗ್ಗೆ ಚುಕ್ಕಿಯ ರಂಗವಲ್ಲಿಯನ್ನು ನಿಯಮದಂತೆ ಹಾಕಿದ ಹುಡುಗಿಯೇ ಮಧ್ಯಾಹ್ನ ಕಾಗದದ ಮೇಲೆ ಬಂಡಿಯ ಗಾಲಿಗಳನ್ನು ಹರಡುವಳು. ಎರಡೂ ಬೇರೆ ಕೆಲಸಗಳೆಂಬುದು ಅವಳಿಗೆ ಗೊತ್ತು. ರಂಗವಲ್ಲಿಯ ನಿಯಮದಿಂದ ಚಿತ್ರವನ್ನು ಅಳೆಯುವವರಿಗೇ ಅದು ಗೊತ್ತಿರುವುದಿಲ್ಲ.

ಅವಸ್ಥೆಗಳೆಂದೊಡನೆ ಈ ಸಭೆಯವರ ಮನಸ್ಸಿಗೆ ಷಟ್‌ಸ್ಥಲವು ಬರುವುದು ಸಹಜ. ಭಕ್ತಸ್ಥಲದಲ್ಲಿರುವವನಿಂದ ಐಕ್ಯಸ್ಥಲದ ನಡೆಯನ್ನು ಬೇಡಬಾರದೆಂಬಷ್ಟರ ಮಟ್ಟಿಗೆ ಹೋಲಿಕೆಯು ಸಲ್ಲುವುದು. ಅದರಾಚೆಗೆ ಸಲ್ಲದು. ಸ್ಥಲಗಳಲ್ಲಿ ಮೇಲೇರುವುದು ಶ್ರೇಷ್ಠತೆಯಾದರೆ, ಚಿತ್ರದಲ್ಲಿ ಕಂಡಂತೆ ಬರೆಯುವುದು ತಿಳಿದಂತೆ ಬರೆಯುವುದಕ್ಕಿಂತ ಶ್ರೇಷ್ಠವೆಂದು ಯಾರೂ ಸ್ಥಾಪಿಸಿಲ್ಲ. ಇದಲ್ಲದೆ ಅವಸ್ಥೆಗಳಿಗೆ ಹೇಳಿದ ವಯಸ್ಸುಗಳು ಸ್ಥೂಲವಾದವು. ಒಂದೇ ಮಗುವು ಮನುಷ್ಯನನ್ನು ಒಂದು ಅವಸ್ಥೆಯಲ್ಲಿಯೂ ಬಂಡಿಯನ್ನು ಇನ್ನೊಂದರಲ್ಲಿಯೂ ಬರೆಯುವುದು. ಬಳಪವನ್ನೇ ಕಾಣದೆ ಬೆಳೆದು ಏಳನೆಯ ವಯಸ್ಸಿನಲ್ಲಿ ಶಾಲೆಗೆ ಬಂದ ಮಗುವು ಕೆಲವು ವಾರ ಗೀಚಿ ಮುಂದಕ್ಕೆ ಹೋಗುವುದು. ವಯಸ್ಸಿನ ಪಟ್ಟಿಯನ್ನು ಗೋಡೆಗೆ ತೂಗುಹಾಕಿ, ಈ ಮಗುವು ಎರಡು ವರ್ಷ ಹಿಂದೆ ಬಿದ್ದಿದೆ ಎಂದು ತಂದೆತಾಯಿಗಳನ್ನು ಹೆದರಿಸುವವರು, ಕೆಂಪು ಶಾಯಿಯವರಿಗಿಂತ ಮೇಲಲ್ಲ.

ಈಗ ಕಡೆಯ ಅವಸ್ಥೆ. ಮಕ್ಕಳ ಚಿತ್ರವು ಬಹುವಾಗಿ ಸಾಯುವುದು ಇಲ್ಲಿಯೇ. ಒಂಬತ್ತರಿಂದ ಹನ್ನೊಂದು ವರ್ಷದೊಳಗೆ ಮಗುವು ತನ್ನ ಚಿತ್ರವನ್ನು ತಾನೇ ತೆಗಳತೊಡಗುವುದು. ಉಪಾಧ್ಯಾಯರು ಗುರುತಿಸಬೇಕಾದ ಲಕ್ಷಣಗಳು ಸ್ಪಷ್ಟವಾಗಿವೆ. ಬರೆಯುತ್ತಿರುವಾಗ ಮೊಳಕೈಯಿಂದ ಹಾಳೆಯನ್ನು ಮರೆಮಾಡುವುದು; ಒಂದೇ ಗೆರೆಯನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದವನ್ನು ತೂತು ಮಾಡುವುದು; ಮುಂದುಗಡೆಯ ಮುಖವು ಬಾರದೆಂದು ಎಲ್ಲರನ್ನೂ ಬೆನ್ನು ತಿರುಗಿಸಿ ನಿಲ್ಲಿಸುವುದು; ಕಟ್ಟಕಡೆಗೆ “ನನಗೆ ಚಿತ್ರ ಬರುವುದಿಲ್ಲ” ಎಂದು ಕೈಕಟ್ಟಿ ಕುಳಿತುಕೊಳ್ಳುವುದು. ನಾಲ್ಕು ವರ್ಷದ ಹಿಂದೆ ಅದೇ ಮಗುವು ಅಳುಕಿಲ್ಲದೆ ಆನೆಯನ್ನು ಬರೆದಿತ್ತು. ಈಗ ಆನೆಯು ಕಾಣುವುದು ಹೇಗೆಂಬುದನ್ನು ಅದು ಅರಿತಿದೆ, ಕೈಯು ಮಾತ್ರ ಹಿಂದೆ ಉಳಿದಿದೆ. ಯಥಾರ್ಥವನ್ನು ಯಾರೂ ಹೇರಲಿಲ್ಲ, ಮಗುವೇ ಬೇಡುತ್ತಿದೆ.

ಮಕ್ಕಳನ್ನು ತಿದ್ದಬಾರದೆಂಬ ಮಾತನ್ನು ಅರ್ಧ ಕೇಳಿಸಿಕೊಂಡವರು ಇಲ್ಲಿ ಎಡವುವರು. ಆರು ವರ್ಷದ ಮಗುವಿಗೆ ಸಲ್ಲುವ ಸುಮ್ಮನಿರುವಿಕೆಯನ್ನು ಹತ್ತು ವರ್ಷದವನಿಗೂ ಅನ್ವಯಿಸಿ, “ನಿನಗೆ ತೋರಿದಂತೆ ಬರೆ, ಎಲ್ಲವೂ ಚೆನ್ನಾಗಿದೆ” ಎನ್ನುವರು. ಬಾಯಾರಿ ಬಂದವನಿಗೆ ಬಾವಿಯ ಪ್ರಶಂಸೆಯನ್ನು ಮಾಡಿದಂತಾಯಿತು. ಈ ವಯಸ್ಸಿನಲ್ಲಿ ಕಲಿಸಬೇಕು. ಆದರೆ ಕಲಿಸಬೇಕಾದುದು ಉಪಾಧ್ಯಾಯರ ಚಿತ್ರವನ್ನಲ್ಲ, ನೋಡುವ ಕ್ರಮವನ್ನು. ಮಗುವು ಯಾವುದನ್ನು ಬರೆಯಲಾರದೆ ನಿಂತಿದೆಯೋ ಅದೊಂದನ್ನೇ ಎತ್ತಿಕೊಂಡು, ವಸ್ತುವನ್ನು ಮುಂದಿಟ್ಟು ತೋರಿಸಬೇಕು. ಬರೆದು ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ, ಒಂದಲ್ಲ ಎರಡು ಮೂರು ಬಗೆಯಲ್ಲಿ ತೋರಿಸಿ, ಆಮೇಲೆ ಆ ಹಾಳೆಯನ್ನು ತೆಗೆದುಬಿಡಬೇಕು.

ಒಂದು ಉದಾಹರಣೆಯನ್ನು ಪೂರ್ಣವಾಗಿ ನೋಡೋಣ. ಹತ್ತು ವರ್ಷದ ಹುಡುಗನು ನೀರು ತುಂಬಿದ ತಂಬಿಗೆಯನ್ನು ಬರೆಯುತ್ತಿದ್ದಾನೆ. ತಂಬಿಗೆಯ ಬಾಯಿಯು ದುಂಡೆಂದು ತಿಳಿದು ದುಂಡಾಗಿ ಬರೆದನು. ತಂಬಿಗೆಯು ಮುಂದಕ್ಕೆ ಬಾಗಿ ನೀರು ಚೆಲ್ಲುವಂತೆ ತೋರಿತು. ಅಳಿಸಿ ಒಂದು ಅಡ್ಡಗೆರೆಯನ್ನು ಎಳೆದನು; ಬಾಯಿಯೇ ಮುಚ್ಚಿಹೋಯಿತು. ಮತ್ತೆ ಅಳಿಸಿದನು. ಆಗ ಉಪಾಧ್ಯಾಯರು ಅವನ ಸೀಸದ ಕಡ್ಡಿಯನ್ನು ಕೆಳಗಿಡಿಸಿ, ನಿಜವಾದ ತಂಬಿಗೆಯೊಂದನ್ನು ತರಿಸಿ, ಅದನ್ನು ನೆಲದ ಮೇಲಿಟ್ಟು ಅವನನ್ನು ನೇರ ಮೇಲಿನಿಂದ ನೋಡಹೇಳಬೇಕು. ಬಾಯಿಯು ಪೂರ್ಣ ದುಂಡು. ಅದೇ ತಂಬಿಗೆಯನ್ನು ಮಣೆಯ ಮೇಲಿಟ್ಟು, ಅವನನ್ನು ಎದುರಿಗೆ ಕೂರಿಸಿದರೆ ದುಂಡು ಚಪ್ಪಟೆಯಾಗುವುದು. ಅಲಮಾರಿನ ನಡುಹಲಗೆಯ ಮೇಲೆ ಬಾಯಿಯು ಕಣ್ಣಿನ ಮಟ್ಟಕ್ಕೆ ಸರಿಯಾಗುವಂತೆ ಇಟ್ಟರೆ ಬರಿಯ ಗೆರೆಯಾಗುವುದು. ಅದಕ್ಕಿಂತ ಮೇಲಿಟ್ಟರೆ ಬಾಯಿಯೊಳಗಿನದು ಏನೂ ಕಾಣದೆ, ಅಂಚು ಮೇಲಕ್ಕೆ ಕಮಾನಿನಂತೆ ಬಾಗುವುದು. ಒಂದು ಕಣ್ಣನ್ನು ಮುಚ್ಚಿ, ಕಡ್ಡಿಯನ್ನು ಚಾಚಿದ ಕೈಯಲ್ಲಿ ಅಡ್ಡ ಹಿಡಿದು, ಬಾಯಿಯ ಅಗಲವೆಷ್ಟು ಎತ್ತರವೆಷ್ಟು ಎಂದು ಅವನೇ ಅಳೆದು ನೋಡಲಿ. ಹುಡುಗನು ಬರೆದ ದುಂಡೂ ಸುಳ್ಳಾಗಿರಲಿಲ್ಲ, ಅಡ್ಡಗೆರೆಯೂ ಸುಳ್ಳಾಗಿರಲಿಲ್ಲ; ಒಂದು ಮೇಲಿನಿಂದ ನೋಡಿದವನದು, ಇನ್ನೊಂದು ಮಟ್ಟದಿಂದ ನೋಡಿದವನದು. ತಾನು ಕುಳಿತೆಡೆಯಿಂದ ನೋಡಿದವನದು ಅವೆರಡರ ನಡುವೆ ಎಲ್ಲಿಯೋ ಇರುವುದೆಂಬುದನ್ನು ಅವನು ಹೀಗೆ ಕಂಡುಕೊಂಡ ಮೇಲೆ, ಬಂಡಿಯ ಗಾಲಿಯೂ ಬಾವಿಯ ಕಟ್ಟೆಯೂ ತೇರಿನ ಗಡ್ಡೆಯೂ ಅವನಿಗೆ ಅದೇ ದಾರಿಯಲ್ಲಿ ದೊರೆಯುವುವು. ಮೊದಲನೆಯ ದಿನದ ಮೊಟ್ಟೆಯಾಕಾರವು ಎರಡು ಕೊನೆಗಳಲ್ಲಿ ಚೂಪಾಗಿ ಬರುವುದು ಸಾಮಾನ್ಯ. ಆಗಲೂ ಹಾಳೆಯನ್ನು ಮುಟ್ಟದೆ, ತಂಬಿಗೆಯ ಅಂಚಿನ ಮೇಲೆ ಬೆರಳಾಡಿಸಿ ಎಲ್ಲಿಯಾದರೂ ಮೂಲೆಯು ತಗಲುವುದೋ ನೋಡೆಂದು ಹೇಳಿದರೆ ಸಾಕು. ಬೆರಳು ಒಂದು ಸುತ್ತು ಬಂದ ಮೇಲೆ ಅವನು ಮತ್ತೊಮ್ಮೆ ಕಡ್ಡಿಯನ್ನು ಎತ್ತಿಕೊಳ್ಳುವನು.